ವರ್ಕ್‌ಶೀಟ್‌ನಲ್ಲಿ 'ಕೈ' ಕೊಡುವ ನುಡಿಗಟ್ಟುಗಳು: ಅರ್ಥ ಸರಿ, ವಾಕ್ಯ ಯಾಕೆ ತಪ್ಪುತ್ತೆ?

ಹೈಸ್ಕೂಲ್ ಮಕ್ಕಳ ಕನ್ನಡ ವರ್ಕ್‌ಶೀಟ್‌ನಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತೆ. 'ಈ ನುಡಿಗಟ್ಟುಗಳ ಅರ್ಥ ಬರೆದು ಸ್ವಂತ ವಾಕ್ಯದಲ್ಲಿ ಬಳಸಿರಿ.' ಅರ್ಥ ಗೈಡಿನಲ್ಲಿ ಸಿಗುತ್ತೆ, ಮಕ್ಕಳು ಉರು ಹೊಡೆದು ಬರೆದುಬಿಡ್ತಾರೆ. ಪೆನ್ನು ನಿಲ್ಲುವುದು 'ಸ್ವಂತ ವಾಕ್ಯ'ದ ಹತ್ತಿರ. ಆಗ ವರ್ಕ್‌ಶೀಟ್ ಮನೆಯವರ ಕೈಗೆ ಬರುತ್ತೆ, ಅಂಗಡಿ ಇದ್ದವರ ಮನೆಯಲ್ಲಾದರೆ ಗಲ್ಲಾದ ಮೇಲೇ ಬಂದು ಕೂರುತ್ತೆ. ದೊಡ್ಡವರು ದಿನಾ ಬಳಸುವ ಮಾತೇ ಆದರೂ, ಬರೆಯಲು ಹೇಳಿದರೆ ಅವರಿಗೂ ತಡವರಿಕೆ.

ಇಂಥ ವರ್ಕ್‌ಶೀಟ್‌ಗಳಲ್ಲಿ ಹೆಚ್ಚು ಕಾಣಿಸುವುದು 'ಕೈ' ಸೇರಿದ ನುಡಿಗಟ್ಟುಗಳು. ನೋಡಲು ಎಲ್ಲವೂ ಒಂದೇ ಥರ. ಆದರೆ ಜೊತೆಗಿರುವ ಒಂದು ಪ್ರತ್ಯಯ ಬದಲಾದರೆ ಒಳ್ಳೆಯವನು ಕಳ್ಳ ಆಗಿಬಿಡ್ತಾನೆ, ಬಸ್ ನಿಲ್ಲಿಸಿದವನು ಹೊಡೆದವನಾಗ್ತಾನೆ. ಹಾಗಾಗಿ 'ಕೈ'ಯನ್ನೇ ಹಿಡಿದು, ಎಲ್ಲಿ ತಪ್ಪಾಗುತ್ತೆ, ಅದನ್ನು ಹೇಗೆ ಪತ್ತೆ ಹಚ್ಚಬಹುದು ಎಂಬುದು ಇಲ್ಲಿದೆ.

ನುಡಿಗಟ್ಟು ಬೇರೆ, ಗಾದೆ ಬೇರೆ

ಮೊದಲ ಗೊಂದಲ ಇಲ್ಲೇ ಶುರು. ನುಡಿಗಟ್ಟು ಪೂರ್ತಿ ವಾಕ್ಯ ಅಲ್ಲ, ವಾಕ್ಯದ ಒಂದು ತುಂಡು. 'ಕೈ ಕೊಡು' ಎಂದಷ್ಟೇ ಬರೆದರೆ ಯಾರು, ಯಾರಿಗೆ, ಯಾವಾಗ ಎಂಬುದು ಗೊತ್ತಾಗಲ್ಲ. ವಾಕ್ಯದೊಳಗೆ ಸೇರಿದಾಗ ಅದು ರೂಪ ಬದಲಿಸುತ್ತೆ: ಕೈ ಕೊಟ್ಟ, ಕೈ ಕೊಟ್ಟಳು, ಕೈ ಕೊಟ್ಟಿತು, ಕೈ ಕೊಡಬೇಡ.

ಗಾದೆ ಹಾಗಲ್ಲ. 'ಕೈ ಕೆಸರಾದರೆ ಬಾಯಿ ಮೊಸರು' ಎಂಬುದು ತನ್ನಷ್ಟಕ್ಕೇ ಪೂರ್ತಿ ಮಾತು. ಅದರೊಳಗಿನ ಪದಗಳನ್ನು ಕಾಲಕ್ಕೆ, ಲಿಂಗಕ್ಕೆ ತಕ್ಕಂತೆ ಬದಲಿಸುವ ಹಾಗಿಲ್ಲ. ಇದ್ದದ್ದನ್ನು ಇದ್ದ ಹಾಗೆಯೇ ಇಟ್ಟು 'ಎಂಬಂತೆ', 'ಎನ್ನುವ ಹಾಗೆ', 'ಎಂಬ ಗಾದೆಯಂತೆ' ಎಂದು ನಮ್ಮ ಮಾತಿಗೆ ಜೋಡಿಸಬೇಕು.

ವರ್ಕ್‌ಶೀಟ್‌ನಲ್ಲಿ ಎರಡೂ ಒಂದೇ ಪಟ್ಟಿಯಲ್ಲಿ ಬಂದಿದ್ದರೆ ಮೊದಲು ಬೇರೆ ಮಾಡಿಕೊಳ್ಳಿ. ಕೊನೆಯ ಪದ 'ಕೊಡು, ಹಿಡಿ, ಹಾಕು' ಥರ ಬರೀ ಕ್ರಿಯಾಪದವಾಗಿದ್ದರೆ ಬಹುತೇಕ ಅದು ನುಡಿಗಟ್ಟು.

ಒಂದನ್ನು ಪೂರ್ತಿ ಬಿಡಿಸಿ ನೋಡೋಣ: ಕೈ ಕೊಡು

ಗೈಡುಗಳಲ್ಲಿ ಇದರ ಅರ್ಥ 'ಮೋಸ ಮಾಡು' ಎಂದಿರುತ್ತೆ. ಮಕ್ಕಳು ಬರೆಯುವ ವಾಕ್ಯಗಳು ಸಾಮಾನ್ಯವಾಗಿ ಮೂರು ಬಗೆ.

ಒಂದು: 'ರಾಜು ಕೈ ಕೊಟ್ಟನು.' ವ್ಯಾಕರಣದ ತಪ್ಪಿಲ್ಲ. ಆದರೆ ರಾಜು ಕುಲುಕಲು ಕೈ ಚಾಚಿದನೋ, ನಂಬಿಸಿ ನಡುನೀರಲ್ಲಿ ಬಿಟ್ಟನೋ, ಓದಿದವರಿಗೆ ತಿಳಿಯಲ್ಲ. 'ಕೈ ಕೊಟ್ಟನು' ತೆಗೆದು 'ಕೈ ಹಿಡಿದನು', 'ಕೈ ಚೆಲ್ಲಿದನು' ಅಂತ ಏನು ಹಾಕಿದರೂ ಈ ವಾಕ್ಯ ನಡೆಯುತ್ತೆ. ಅಂದರೆ ಅರ್ಥ ಗೊತ್ತಿದೆ ಎನ್ನುವುದಕ್ಕೆ ಇದರಲ್ಲಿ ಸಾಕ್ಷಿಯೇ ಇಲ್ಲ.

ಎರಡು: 'ಕೈ ಕೊಡುವುದು ಎಂದರೆ ಮೋಸ ಮಾಡುವುದು.' ಇದು ಅರ್ಥದ ಕಾಲಂನಲ್ಲಿ ಬರೆದದ್ದನ್ನೇ ಇನ್ನೊಂದು ಸಲ ಬರೆದಂತೆ. ಬಳಕೆ ಆಗಲಿಲ್ಲ.

ಮೂರು: 'ಅಜ್ಜಿ ಮೆಟ್ಟಿಲು ಹತ್ತುವಾಗ ನಾನು ಕೈ ಕೊಟ್ಟೆನು.' ಮಗು ಹೇಳಹೊರಟದ್ದು ಆಸರೆ ಕೊಟ್ಟ ವಿಷಯ, ಇಲ್ಲಿರುವುದು ನಿಜವಾದ ಕೈ. ನುಡಿಗಟ್ಟಿನ ಅರ್ಥದಲ್ಲಿ ಓದಿದರೆ ಅಜ್ಜಿಯನ್ನು ಮೆಟ್ಟಿಲ ಮೇಲೆ ಬೀಳಲು ಬಿಟ್ಟ ಹಾಗಾಯ್ತು!

ಈಗ ಇದನ್ನು ನೋಡಿ: 'ಬೆಳಗ್ಗೆ ಐದಕ್ಕೇ ಬರ್ತೀನಿ ಅಂತ ಮಾತು ಕೊಟ್ಟಿದ್ದ ಲಾರಿಯವನು ಸಂತೆಯ ದಿನವೇ ಅಪ್ಪನಿಗೆ ಕೈ ಕೊಟ್ಟ.' ಮೊದಲು ನಂಬಿಕೆ ಇತ್ತು (ಮಾತು ಕೊಟ್ಟಿದ್ದ), ಗಟ್ಟಿ ಅಗತ್ಯ ಇತ್ತು (ಸಂತೆಯ ದಿನ), ಆಮೇಲೆ ಅದು ಮುರೀತು. ಈ ವಾಕ್ಯದಲ್ಲಿ 'ಕೈ ಕೊಟ್ಟ' ಇರುವ ಜಾಗದಲ್ಲಿ 'ಕೈ ಹಿಡಿದ' ಎಂದು ಹಾಕಿ ಓದಿದರೆ ತಕ್ಷಣ ಅಪಸ್ವರ ಕೇಳುತ್ತೆ.

ಇಲ್ಲೇ ಇನ್ನೊಂದು ವಿಷಯ ಇದೆ. 'ಬೇಸಿಗೆ ಶುರುವಾಗುತ್ತಲೇ ಬೋರ್‌ವೆಲ್ ಕೈ ಕೊಟ್ಟಿತು' ಅಂತೀವಿ. ಬೋರ್‌ವೆಲ್ ಯಾರಿಗೂ ಮೋಸ ಮಾಡಲ್ಲ. ಮಳೆ, ಮೋಟಾರ್, ಕರೆಂಟ್, ಆರೋಗ್ಯ ಎಲ್ಲವೂ ಕೈ ಕೊಡ್ತವೆ. ಹಾಗಾಗಿ ಅರ್ಥದ ಕಾಲಂನಲ್ಲಿ ಬರೀ 'ಮೋಸ ಮಾಡು' ಎನ್ನುವ ಬದಲು 'ನಂಬಿದ ಹೊತ್ತಿಗೆ ಒದಗದೆ ಹೋಗು, ಮೋಸ ಮಾಡು' ಎಂದು ಬರೆದರೆ ಮನುಷ್ಯನಿಗೂ ಮೋಟಾರಿಗೂ ಹೊಂದುತ್ತೆ.

ಯಾರಿಗೆ? ಯಾರನ್ನು? ಯಾವುದರಲ್ಲಿ?

ಪ್ರತಿ ನುಡಿಗಟ್ಟೂ ತನ್ನ ಹಿಂದೆ ಒಂದು ಖಾಸಾ ಪ್ರತ್ಯಯವನ್ನು ಕೇಳುತ್ತೆ. ಕೈ ಕೊಡುವುದು ಯಾರಿಗಾದರೂ, ಕೈ ಬಿಡುವುದು ಯಾರನ್ನಾದರೂ. ತರಗತಿಯಲ್ಲಿ ಮಕ್ಕಳು ಕಲಿಯುವ 'ಅನ್ನು, ಇಂದ, ಗೆ, ಅಲ್ಲಿ' ವಿಭಕ್ತಿ ಪ್ರತ್ಯಯಗಳು ಕೆಲಸಕ್ಕೆ ಬರುವುದು ಈ ಜಾಗದಲ್ಲಿ. ಗೈಡಿನ ಅರ್ಥದ ಪಟ್ಟಿಯಲ್ಲಿ ಪ್ರತ್ಯಯ ಇರುವುದಿಲ್ಲ, ಅದಕ್ಕೇ ಅರ್ಥ ಸರಿಯಿದ್ದೂ ವಾಕ್ಯ ತಪ್ಪುತ್ತೆ. ಒಂದೊಂದಾಗಿ ನೋಡಬಹುದು.

ಕೈ ಬಿಡು
ಅರ್ಥ: ತೊರೆ, ಮುಂದುವರಿಸದೆ ನಿಲ್ಲಿಸು.
ವಾಕ್ಯ: 'ಖರ್ಚು ಲೆಕ್ಕ ಹಾಕಿ ನೋಡಿದ ಮೇಲೆ ಚಿಕ್ಕಪ್ಪ ಮೇಲ್ಮಹಡಿ ಕಟ್ಟುವ ಯೋಚನೆಯನ್ನು ಕೈ ಬಿಟ್ಟರು.'
ಇದಕ್ಕೆ 'ಅನ್ನು' ಬೇಕು. ವ್ಯಕ್ತಿಯಾದರೆ 'ಅವನ ಕೈ ಬಿಟ್ಟರು' ಅಂತಲೂ ಬರುತ್ತೆ. ಕೈ ಕೊಡುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಯೋಚನೆ, ಕೆಲಸ, ಚಟ ಇವನ್ನು ಕೈ ಬಿಡಬಹುದು, ಇವಕ್ಕೆ ಕೈ ಕೊಡಲು ಆಗಲ್ಲ. ಜೊತೆಗೆ, ಕೈ ಬಿಡುವುದು ಯಾವಾಗಲೂ ಕೆಟ್ಟದ್ದೇ ಆಗಬೇಕಿಲ್ಲ. 'ಬೀಡಿ ಸೇದುವುದನ್ನು ಕೈ ಬಿಟ್ಟ' ಎನ್ನುವುದು ಒಳ್ಳೆ ಸುದ್ದಿ.

ಕೈ ಹಿಡಿ
ಅರ್ಥ: ಕಷ್ಟದಲ್ಲಿ ನೆರವಾಗು; ಲಾಭ ತಂದುಕೊಡು; ಮದುವೆಯಾಗು.
ವಾಕ್ಯ: 'ಹತ್ತಿ ಹೋದರೂ ಈ ಸಲ ಮೆಣಸಿನಕಾಯಿ ಬೆಳೆ ರೈತರ ಕೈ ಹಿಡಿಯಿತು.'
ಇದಕ್ಕೆ ಮೂರು ಅರ್ಥ ಇರುವುದೇ ತೊಂದರೆ. 'ಅಂಗಡಿ ಮಾಲೀಕ ಕೆಲಸದ ಹುಡುಗಿಯ ಕೈ ಹಿಡಿದ' ಎಂದು ಮಗು ಸಹಾಯದ ಅರ್ಥದಲ್ಲಿ ಬರೆದರೂ, ಓದಿದವರು ಮದುವೆ ಅಂತಲೋ ಇನ್ನೂ ಕೆಟ್ಟದಾಗಿಯೋ ತಿಳಿಯಬಹುದು. ಸಹಾಯದ ಅರ್ಥ ಬೇಕಿದ್ದರೆ 'ಕಷ್ಟಕಾಲದಲ್ಲಿ', 'ಸಾಲದಲ್ಲಿ ಮುಳುಗಿದ್ದಾಗ' ಎಂಬಂಥ ಸಂದರ್ಭವನ್ನು ಮೊದಲೇ ಹೇಳಬೇಕು. ಇಲ್ಲವೇ ಮೇಲಿನ ವಾಕ್ಯದಂತೆ ಬೆಳೆ, ವ್ಯಾಪಾರ, ವಿದ್ಯೆಯನ್ನು ಕರ್ತೃವಾಗಿ ಇಟ್ಟರೆ ಗೊಂದಲ ಬರಲ್ಲ.

ಕೈ ಹಾಕು
ಅರ್ಥ: ಕೆಲಸ ಶುರು ಮಾಡು, ತೊಡಗು.
ವಾಕ್ಯ: 'ಹಳೇ ಮನೆ ರಿಪೇರಿ ಮುಗಿಯುವ ಮೊದಲೇ ಮಾವ ಹೊಸ ಮಳಿಗೆಯ ಕೆಲಸಕ್ಕೆ ಕೈ ಹಾಕಿದರು.'
ಇದಕ್ಕೆ 'ಗೆ' ಅಥವಾ 'ಕ್ಕೆ' ಬೇಕು. ಇಲ್ಲಿ ಪ್ರತ್ಯಯ ಸರಿ ಇದ್ದರೂ ಹಿಂದಿನ ನಾಮಪದ ಅರ್ಥವನ್ನೇ ತಿರುಗಿಸುತ್ತೆ. 'ಕೆಲಸಕ್ಕೆ ಕೈ ಹಾಕಿದ' ಅಂದರೆ ಶುರು ಮಾಡಿದ. 'ಗಲ್ಲಾಪೆಟ್ಟಿಗೆಗೆ ಕೈ ಹಾಕಿದ' ಅಂದರೆ ಕದ್ದ. 'ಬೇರೆಯವರ ವಿಷಯಕ್ಕೆ ಕೈ ಹಾಕಿದ' ಅಂದರೆ ಅನಗತ್ಯವಾಗಿ ತಲೆ ಹಾಕಿದ. ಅಂಗಡಿಯವರ ಮಕ್ಕಳು 'ನಾನು ದಿನಾ ಅಪ್ಪನ ಗಲ್ಲಾಕ್ಕೆ ಕೈ ಹಾಕುತ್ತೇನೆ' ಎಂದು ಬರೆದರೆ ಅದು ಸಹಾಯ ಅಂತ ಯಾರೂ ಓದಲ್ಲ.

ಕೈ ಮಾಡು
ಅರ್ಥ: ಹೊಡೆ.
ವಾಕ್ಯ: 'ಎಷ್ಟೇ ಸಿಟ್ಟು ಬಂದರೂ ಅಜ್ಜ ಮಕ್ಕಳ ಮೇಲೆ ಕೈ ಮಾಡಿದವರಲ್ಲ.'
ಈ ಅರ್ಥಕ್ಕೆ 'ಮೇಲೆ' ಬರಲೇಬೇಕು. 'ಹುಡುಗ ಬಸ್ಸಿಗೆ ಕೈ ಮಾಡಿದ' ಎಂದರೆ ಬಸ್ ನಿಲ್ಲಿಸಲು ಕೈ ಬೀಸಿದ ಅಷ್ಟೆ. 'ಹುಡುಗ ಕಂಡಕ್ಟರ್ ಮೇಲೆ ಕೈ ಮಾಡಿದ' ಎಂದರೆ ಪೊಲೀಸ್ ಠಾಣೆ ಮೆಟ್ಟಿಲು ಹತ್ತುವ ವಿಷಯ. ಕೈಯೂ ಅದೇ, ಮಾಡುವುದೂ ಅದೇ, ನಡುವೆ 'ಗೆ' ಇದೆಯೋ 'ಮೇಲೆ' ಇದೆಯೋ ಎಂಬುದರಲ್ಲಿ ಎಲ್ಲ ನಿಂತಿದೆ. ಅರ್ಜಿ, ದೂರು ಬರೆಯುವಾಗಲೂ ಈ ಒಂದು ಪದ ಬಿಟ್ಟುಹೋದರೆ ಮಾತು ಬೇರೆಯೇ ಆಗುತ್ತೆ.

ಕೈ ಚೆಲ್ಲು
ಅರ್ಥ: ಪ್ರಯತ್ನಿಸಿ ಸೋತು ಕೂರು, ಇನ್ನು ಆಗದು ಎಂದು ಬಿಡು.
ವಾಕ್ಯ: 'ಮೂರು ಸಲ ಬಿಚ್ಚಿ ಜೋಡಿಸಿದರೂ ಮೋಟಾರ್ ಓಡದಿದ್ದಾಗ ಮೆಕ್ಯಾನಿಕ್ ಕೈ ಚೆಲ್ಲಿದ.'
ಇದಕ್ಕೆ 'ಯಾರಿಗೆ', 'ಯಾರನ್ನು' ಎಂಬುದು ಬೇಡ. ಆದರೆ ಅದಕ್ಕೂ ಮೊದಲು ಪ್ರಯತ್ನ ನಡೆದಿರಬೇಕು. 'ಸೋಮಾರಿಯಾದ ರವಿ ಕೈ ಚೆಲ್ಲಿ ಮಲಗಿದ' ಎಂಬ ವಾಕ್ಯ ಸರಿ ಹೊಂದಲ್ಲ. ರವಿ ಏನೂ ಮಾಡಿಯೇ ಇಲ್ಲ, ಸೋಲುವುದು ಎಲ್ಲಿಂದ?

ಕೈ ಸುಟ್ಟುಕೊಳ್ಳು
ಅರ್ಥ: ನಷ್ಟ ಅನುಭವಿಸು.
ವಾಕ್ಯ: 'ರೇಟು ಏರುತ್ತೆ ಅಂತ ಈರುಳ್ಳಿ ದಾಸ್ತಾನು ಮಾಡಿದ ವ್ಯಾಪಾರಿ, ಮಾಲು ಕೊಳೆತು ಆ ವ್ಯವಹಾರದಲ್ಲಿ ಕೈ ಸುಟ್ಟುಕೊಂಡ.'
ಯಾವುದರಲ್ಲಿ ಎಂದು ಹೇಳಲು 'ಅಲ್ಲಿ' ಬರುತ್ತೆ. ಕೊನೆಯ 'ಕೊಳ್ಳು' ಬಿಡುವಂತಿಲ್ಲ. 'ಕೈ ಸುಟ್ಟ' ಎಂದರೆ ಇನ್ನೊಬ್ಬರ ಕೈ ಸುಟ್ಟ ಹಾಗೆ. ನಷ್ಟ ತನ್ನ ಕೈಯಾರೆ ತಂದುಕೊಂಡದ್ದು ಎಂಬ ಭಾವ 'ಕೊಳ್ಳು'ವಿನಲ್ಲೇ ಇದೆ. ಅಡುಗೆಮನೆ, ಒಲೆ, ದೋಸೆ ಕಾವಲಿ ವಾಕ್ಯದಲ್ಲಿ ಬಂದರೆ ನಿಜವಾಗಿಯೂ ಕೈ ಸುಟ್ಟಂತೆ ಕಾಣುತ್ತೆ, ಅಂಥ ಸಂದರ್ಭ ತರಬೇಡಿ.

ಎತ್ತಿದ ಕೈ
ಅರ್ಥ: ಯಾವುದಾದರೂ ಕೆಲಸದಲ್ಲಿ ನಿಪುಣ, ಪಳಗಿದವನು.
ವಾಕ್ಯ: 'ಹಬ್ಬದ ದಿನ ನೂರು ಜನರಿಗೆ ಹೋಳಿಗೆ ಮಾಡುವುದರಲ್ಲಿ ನಮ್ಮ ದೊಡ್ಡಮ್ಮ ಎತ್ತಿದ ಕೈ.'
ಈ ಪಟ್ಟಿಯಲ್ಲಿ ಇದೊಂದೇ ಕ್ರಿಯಾಪದದಿಂದ ಮುಗಿಯದ್ದು. ಹಾಗಾಗಿ ವಾಕ್ಯ 'ಎತ್ತಿದ ಕೈ' ಎಂದೇ ನಿಲ್ಲುತ್ತೆ. ಮಕ್ಕಳು ಇದನ್ನು ತಿರುಗಿಸಿ 'ದೊಡ್ಡಮ್ಮ ಕೈ ಎತ್ತಿದರು' ಎಂದು ಬರೆಯುವುದುಂಟು. ಆಗ ಅರ್ಥ ತಲೆಕೆಳಗು. 'ದುಡ್ಡಿಲ್ಲ ಅಂತ ಕೈ ಎತ್ತಿಬಿಟ್ಟ' ಅಂದರೆ ತನ್ನಿಂದ ಆಗಲ್ಲ ಅಂದ ಹಾಗೆ. ನಿಪುಣರನ್ನು ಹೊಗಳಲು ಹೋಗಿ ಕೈಲಾಗದವರನ್ನಾಗಿ ಮಾಡಿದಂತಾಯ್ತು.

ಇನ್ನು ಗಾದೆ

ಗಾದೆಯಲ್ಲಿ ಪ್ರತ್ಯಯದ ತಲೆನೋವಿಲ್ಲ. ಅಲ್ಲಿ ತಪ್ಪುವುದು ಸಂದರ್ಭ.

'ಕೈ ಕೆಸರಾದರೆ ಬಾಯಿ ಮೊಸರು.' ದುಡಿದರೆ ಉಣ್ಣಬಹುದು ಎಂಬುದು ಅರ್ಥ. ಗದ್ದೆಯ ಕೆಸರಿನಲ್ಲಿ ಕೈಯಾಡಿಸಿದವನಿಗೆ ಊಟದಲ್ಲಿ ಮೊಸರು ಸಿಗುತ್ತೆ ಎಂಬ ಚಿತ್ರ. ವಾಕ್ಯ: 'ಕೈ ಕೆಸರಾದರೆ ಬಾಯಿ ಮೊಸರು ಎಂಬಂತೆ, ಎರಡು ವರ್ಷ ರಜೆ ಇಲ್ಲದೆ ದುಡಿದ ಅಣ್ಣ ಈಗ ಸ್ವಂತ ಗ್ಯಾರೇಜು ಹಾಕಿದ್ದಾನೆ.' ದುಡಿಮೆ, ಫಲ ಎರಡೂ ವಾಕ್ಯದಲ್ಲಿ ಇರಬೇಕು. ಲಾಟರಿ ಹೊಡೆದವನಿಗೆ ಈ ಗಾದೆ ಹೇಳಿದರೆ ತಪ್ಪು, ಅಲ್ಲಿ ಕೆಸರೇ ಇಲ್ಲ.

'ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.' ಇನ್ನೇನು ಸಿಕ್ಕೇಬಿಟ್ಟಿತು ಎನ್ನುವಾಗ ತಪ್ಪಿಹೋಗುವುದು. ವಾಕ್ಯ: 'ಕಟಾವಿಗೆ ಎರಡು ದಿನ ಇರುವಾಗ ಆಲಿಕಲ್ಲು ಮಳೆ ಸುರಿದು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬಂತಾಯಿತು.' ಇಲ್ಲಿ ಮುಖ್ಯವಾದದ್ದು 'ಎರಡು ದಿನ ಇರುವಾಗ' ಎಂಬುದು. ಬಿತ್ತನೆಗೇ ಮಳೆ ಬರದೆ ಬೆಳೆ ಹೋದರೆ ಅದು ನಷ್ಟ ಹೌದು, ಆದರೆ ತುತ್ತು ಇನ್ನೂ ಕೈಗೇ ಬಂದಿರಲಿಲ್ಲ.

'ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?' ಕಣ್ಣೆದುರೇ ಕಾಣುವುದಕ್ಕೆ ಬೇರೆ ಸಾಕ್ಷಿ ಬೇಡ ಎಂಬುದು ಅರ್ಥ. ವಾಕ್ಯ: 'ರಸ್ತೆಯ ಗುಂಡಿಯಲ್ಲಿ ದಿನಾ ಬೈಕ್ ಬೀಳುವುದನ್ನು ಎಲ್ಲರೂ ನೋಡುತ್ತಿರುವಾಗ ಇನ್ನೊಂದು ಸರ್ವೆ ಯಾಕೆ, ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?' ಇದು ಪ್ರಶ್ನೆಯ ರೂಪದ ಗಾದೆ. ಹಾಗಾಗಿ 'ಎಂಬಂತೆ' ಇಲ್ಲದೆ ವಾಕ್ಯದ ಕೊನೆಗೆ ನೇರವಾಗಿ ಕೂರುತ್ತೆ. ಹುಣ್ಣು ಎಂಬ ಪದ ಇರುವುದರಿಂದ ಕೆಟ್ಟ ಸಂಗತಿಗೇ ಒಪ್ಪುತ್ತೆ. 'ಅಕ್ಕ ರ‍್ಯಾಂಕ್ ಬಂದಿದ್ದಾಳೆ, ಅಂಗೈ ಹುಣ್ಣಿಗೆ ಕನ್ನಡಿ ಬೇಕೆ' ಎಂದರೆ ಅಕ್ಕನ ರ‍್ಯಾಂಕೇ ಹುಣ್ಣಾಗುತ್ತೆ.

ಎಸ್‌ಎಸ್‌ಎಲ್‌ಸಿ ಪ್ರಥಮ ಭಾಷೆ ಕನ್ನಡ ಪತ್ರಿಕೆಯಲ್ಲಿ ಗಾದೆ ವಿಸ್ತರಿಸಿ ಬರೆಯುವ ಪ್ರಶ್ನೆ ಇರುತ್ತೆ. ಅಲ್ಲಿ ಬಹಳಷ್ಟು ಮಕ್ಕಳು 'ವೇದ ಸುಳ್ಳಾದರೂ ಗಾದೆ ಸುಳ್ಳಾಗದು' ಎಂದು ಶುರು ಮಾಡಿ, ಗಾದೆಗಳು ಹಿರಿಯರ ಅನುಭವದ ಮಾತು ಅಂತ ನಾಲ್ಕು ಸಾಲು ತುಂಬಿಸ್ತಾರೆ. ಆ ನಾಲ್ಕು ಸಾಲು ಯಾವ ಗಾದೆಗೂ ಹೊಂದುತ್ತೆ, ಕೇಳಿದ ಗಾದೆಯ ಬಗ್ಗೆ ಒಂದಕ್ಷರವೂ ಅದರಲ್ಲಿಲ್ಲ. ಅದರ ಬದಲು ಗಾದೆಯಲ್ಲಿರುವ ಚಿತ್ರ ಏನು (ಕೆಸರು, ಮೊಸರು), ಅದು ಏನನ್ನು ಸೂಚಿಸುತ್ತೆ (ದುಡಿಮೆ, ಫಲ), ಮಗು ಕಂಡ ಒಂದು ಉದಾಹರಣೆ, ಈ ಮೂರನ್ನು ಕ್ರಮವಾಗಿ ಬರೆದರೆ ಉತ್ತರ ತಾನಾಗೇ ಸಾಕಷ್ಟು ಉದ್ದ ಆಗುತ್ತೆ.

ಮನೆಯಲ್ಲಿ ತಿದ್ದುವುದು ಹೇಗೆ

ಗಿರಾಕಿ ಇಲ್ಲದ ಐದು ನಿಮಿಷದಲ್ಲಿ ಮಾಡಬಹುದಾದ ಪರೀಕ್ಷೆ ಇದು. ಮಗು ಬರೆದ ವಾಕ್ಯದಲ್ಲಿ ನುಡಿಗಟ್ಟಿನ ಮೇಲೆ ಬೆರಳಿಟ್ಟು ಮುಚ್ಚಿ, ಉಳಿದದ್ದನ್ನು ಓದಿ. ಮುಚ್ಚಿದ ಜಾಗದಲ್ಲಿ ಏನಿರಬಹುದು ಎಂದು ಊಹಿಸಲು ಆದರೆ ವಾಕ್ಯ ಸರಿಯಿದೆ. ಏನು ಹಾಕಿದರೂ ನಡೆಯುತ್ತೆ ಅನ್ನಿಸಿದರೆ ಸಂದರ್ಭ ಸಾಲದು, ಇನ್ನೊಂದು ವಿವರ ಸೇರಿಸಲು ಹೇಳಿ.

ಆಮೇಲೆ ಆ ಜಾಗದಲ್ಲಿ ಅರ್ಥವನ್ನೇ ಇಟ್ಟು ಓದಿ. 'ಮಾವ ಮಳಿಗೆಯ ಕೆಲಸಕ್ಕೆ ಕೈ ಹಾಕಿದರು' ಎಂಬಲ್ಲಿ 'ಮಾವ ಮಳಿಗೆಯ ಕೆಲಸ ಶುರು ಮಾಡಿದರು' ಎಂದರೆ ಸರಿ ಹೋಗುತ್ತೆ. ಗಮನಿಸಿ, 'ಕೆಲಸಕ್ಕೆ' ಎಂಬುದು 'ಕೆಲಸ' ಆಯಿತು. ಅರ್ಥಕ್ಕೆ ಹೊಂದುವ ಪ್ರತ್ಯಯ ನುಡಿಗಟ್ಟಿಗೆ ಹೊಂದಬೇಕಿಲ್ಲ. 'ಮಾವ ಮಳಿಗೆಯ ಕೆಲಸ ಕೈ ಹಾಕಿದರು' ಎಂಬಂಥ ವಾಕ್ಯ ಹುಟ್ಟುವುದು ಈ ಹಂತದಲ್ಲೇ.

ಕೊನೆಗೆ ಭಾಷೆಯ ರೂಪ. ನಾವು ಆಡುವಾಗ 'ಕೈ ಕೆಸ್ರಾದ್ರೆ ಬಾಯ್ ಮೊಸ್ರು' ಅಂತೀವಿ, ಒಂದೊಂದು ಕಡೆ ಒಂದೊಂದು ರಾಗ. ಆಡುವುದಕ್ಕೆ ಅದು ತಪ್ಪಲ್ಲ, ವರ್ಕ್‌ಶೀಟ್‌ನಲ್ಲಿ ಮಾತ್ರ ಬರಹದ ರೂಪ ಬೇಕು: ಕೆಸರಾದರೆ, ಬಾಯಿ, ಮೊಸರು. 'ಕೈ ಬಿಡು' ಎಂದು ಬಿಡಿಸಿ ಬರೆಯುವುದೂ 'ಕೈಬಿಡು' ಎಂದು ಕೂಡಿಸಿ ಬರೆಯುವುದೂ ಎರಡೂ ಬಳಕೆಯಲ್ಲಿವೆ. ಪಠ್ಯಪುಸ್ತಕದಲ್ಲಿ ಹೇಗಿದೆಯೋ ಹಾಗೆ ಬರೆದರೆ ತಕರಾರಿಲ್ಲ.

ಗೈಡಿನ ಅರ್ಥ ಮನೆಯ ಬಳಕೆಗೆ ಹೊಂದದಿದ್ದರೆ ಶಾಲೆಯಲ್ಲೋ ಲೈಬ್ರರಿಯಲ್ಲೋ ನಿಘಂಟು ನೋಡಬಹುದು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು 8 ಸಂಪುಟಗಳಲ್ಲಿದೆ. ಮಂಗಳೂರಿನಿಂದ 1894ರಲ್ಲಿ ಹೊರಬಂದ ಕಿಟ್ಟೆಲ್ ನಿಘಂಟಿನಲ್ಲಿ ಪದಗಳ ಬಳಕೆ ತೋರಿಸಲು ಗಾದೆಗಳನ್ನೇ ಉದಾಹರಣೆಯಾಗಿ ಕೊಟ್ಟಿರುವುದುಂಟು. ನಿಘಂಟು ಸಿಗದಿದ್ದರೆ ಪಕ್ಕದ ಅಂಗಡಿಯ ಹಿರಿಯರನ್ನು ಕೇಳಿದರೂ ಆದೀತು. ಆದರೆ 'ಇದರ ಅರ್ಥ ಏನು' ಎಂದು ಕೇಳಬೇಡಿ. 'ಈ ಮಾತನ್ನು ನೀವು ಯಾವಾಗ ಅಂತೀರಿ' ಎಂದು ಕೇಳಿ. ಅವರು ಹೇಳುವ ಘಟನೆಯಲ್ಲಿ ಯಾರು, ಯಾರಿಗೆ, ಯಾವಾಗ ಎಲ್ಲವೂ ಇರುತ್ತೆ, ಮಗು ಅದನ್ನು ತನ್ನ ಮಾತಿನಲ್ಲಿ ಬರೆದರೆ ಸ್ವಂತ ವಾಕ್ಯ ಸಿಕ್ಕಂತೆ.